ಕಾಮಿಡಿ ಟ್ರ್ಯಾಕ್ ಬೇಡ, ಆದರೆ ನಿರ್ಮಾಪಕರಿಗೆ ಬೋರ್ ಆಗಿದ್ದು ನಿಜ

ಪ್ರಶ್ನೆ: ನಾನು ಮೊದಲ ಬಾರಿ ಒಂದು ಚಿತ್ರಕಥೆ ಬರೆದಿದ್ದೇನೆ. ಹಾಸನದಲ್ಲಿ ಮೆಸ್ ಇಟ್ಟುಕೊಂಡಿರುವ ಗೌರಿ ಚೀಟಿಯನ್ನೂ ನಡೆಸುತ್ತಾಳೆ. ಒಂದು ತಿಂಗಳ ಚೀಟಿ ದುಡ್ಡನ್ನು ಅವಳ ತಮ್ಮ ಎತ್ತಿಕೊಂಡು ಓಡಿಹೋಗುತ್ತಾನೆ. ಗೌರಿ ಯಾರಿಗೂ ಹೇಳದೆ ದುಡ್ಡು ಹೊಂದಿಸಲು ಒದ್ದಾಡಿ, ಕೊನೆಗೆ ಎಲ್ಲರೆದುರು ತಾನೇ ನಿಜ ಹೇಳುತ್ತಾಳೆ. ತಮ್ಮ ಬರುವುದೇ ಇಲ್ಲ. ನಿರ್ಮಾಪಕರು ಓದಿ, ಸೆಕೆಂಡ್ ಹಾಫ್ ಲ್ಯಾಗ್ ಇದೆ, ಕಾಮಿಡಿ ಟ್ರ್ಯಾಕ್ ಸೇರಿಸಿ ಅಂದರು. ಬಸ್ ಸ್ಟ್ಯಾಂಡಿನ ರಾತ್ರಿ ಸೀನ್ ಬಜೆಟ್‌ಗೆ ಆಗಲ್ಲವಂತೆ. ಒಬ್ಬ ಸಹನಿರ್ದೇಶಕರು ಗೌರಿ ಮೇಲೆ ಪ್ರೀತಿ ಬರಲ್ಲ, ಬಾಲ್ಯದ ಫ್ಲ್ಯಾಷ್‌ಬ್ಯಾಕ್ ಹಾಕಿ ಅಂದರು. ಇಬ್ಬರು ಸ್ನೇಹಿತರಿಗೆ ತಮ್ಮ ವಾಪಸ್ ಬಂದು ಶಿಕ್ಷೆ ಅನುಭವಿಸಬೇಕು. ನಮ್ಮ ಚಿಕ್ಕಮ್ಮ ಚೀಟಿ ಲೆಕ್ಕವೇ ತಪ್ಪು ಅಂತಾರೆ. ಎಲ್ಲ ಒಪ್ಪಿದರೆ ನನ್ನ ಕಥೆ ಉಳಿಯಲ್ಲ, ಒಪ್ಪದಿದ್ದರೆ ಜಂಬ ಅಂತಾರೆ. ಯಾವುದನ್ನು ಒಪ್ಪಲಿ? ಸ್ಕ್ರಿಪ್ಟ್ ಜೊತೆಗೇ ಕಳಿಸಿದ್ದೇನೆ.

ಉತ್ತರ: ಸ್ಕ್ರಿಪ್ಟ್ ಪೂರ್ತಿ ಓದಿದೆ. ನಿಮ್ಮ ಚಿಕ್ಕಮ್ಮನಿಂದಲೇ ಶುರು ಮಾಡೋಣ. ಐದು ಜನರಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತು ಹೇಳಿದವರು ಅವರು. ಸಿನಿಮಾದವರಲ್ಲ ಎಂಬ ಕಾರಣಕ್ಕೆ ನೀವು ಅವರನ್ನು ಪಟ್ಟಿಯ ಕೊನೆಗೆ ಹಾಕಿದ್ದೀರಿ ಅನಿಸುತ್ತದೆ.

ನಿಮ್ಮ ಕಥೆಯಲ್ಲಿ ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲಾ ₹20,000. ಅಂದರೆ ತಿಂಗಳಿಗೆ ₹4 ಲಕ್ಷ ಸೇರುತ್ತದೆ. ತಮ್ಮ ಓಡಿಹೋಗುವ ಹನ್ನೊಂದನೇ ತಿಂಗಳು, ಚೀಟಿ ಕಟ್ಟುವವರಲ್ಲಿ ಒಬ್ಬನಾದ ಶಂಕರಪ್ಪನಿಗೆ ಮಗಳ ಮದುವೆಗೆಂದು ಪೂರ್ತಿ ನಾಲ್ಕು ಲಕ್ಷ ಬರಬೇಕಿತ್ತು ಎಂದು ಬರೆದಿದ್ದೀರಿ. ಆದರೆ ನೀವು ತೋರಿಸಿರುವುದು ಹರಾಜು ಚೀಟಿ. ಅದರಲ್ಲಿ ಜಾಸ್ತಿ ಬಿಟ್ಟುಕೊಡಲು ಒಪ್ಪಿದವರಿಗೆ ಆ ತಿಂಗಳ ಚೀಟಿ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಮಧ್ಯದಲ್ಲಿ ಚೀಟಿ ಎತ್ತಿದವರಿಗೆ ಪೂರ್ತಿ ಮೊತ್ತ ಸಿಗುವುದಿಲ್ಲ. ಕೊನೆಯವರೆಗೆ ಕಾದವರಿಗೆ ಮಾತ್ರ ಹತ್ತಿರ ಹತ್ತಿರ ಪೂರ್ತಿ ಸಿಗುತ್ತದೆ. ಚೀಟಿ ಕಟ್ಟಿದ ಯಾರೇ ಆದರೂ ಇದನ್ನು ನೋಡಿದ ಕೂಡಲೇ ನಿಮ್ಮ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ. ನಿಮ್ಮ ಪ್ರೇಕ್ಷಕರಲ್ಲಿ ಚೀಟಿ ಕಟ್ಟದವರೇ ಕಡಿಮೆ, ಅಲ್ವಾ?

ಸ್ಕ್ರಿಪ್ಟ್ ಓದಿದವರು ಹೇಳುವ ದೂರು, ಸಲಹೆಗೆ ಸಿನಿಮಾದವರು ನೋಟ್ ಅಂತಾರೆ. ಇಂಥ ನೋಟ್‌ನಲ್ಲಿ ವಾದ ಮಾಡಲು ಏನೂ ಇಲ್ಲ. ಕಥೆ ನಡೆಯುವ ಲೋಕದ ಲೆಕ್ಕ ತಪ್ಪಿದ್ದರೆ ಸರಿ ಮಾಡಲೇಬೇಕು. ಆದರೆ ಸರಿ ಮಾಡುವುದೆಂದರೆ ಒಂದು ಡೈಲಾಗಿನಲ್ಲಿ ಅಂಕಿ ಬದಲಿಸುವುದು ಎಂದುಕೊಳ್ಳಬೇಡಿ. ಒಂದು ನೋಟ್ ಒಪ್ಪಿದರೆ ಅದರ ಬಾಲ ಎಲ್ಲಿಯವರೆಗೆ ಹೋಗುತ್ತದೆ ಎಂದು ಮೊದಲು ನೋಡಬೇಕು.

ಶಂಕರಪ್ಪ ಯಾವತ್ತೂ ಚೀಟಿ ಕೂಗದೆ ಕೊನೆಯ ಇಪ್ಪತ್ತನೇ ತಿಂಗಳವರೆಗೂ ಕಾದ ಎಂದುಕೊಳ್ಳಿ. ಮಗಳ ಮದುವೆಗೆ ಪೂರ್ತಿ ದುಡ್ಡು ಬೇಕಿತ್ತು, ಅದಕ್ಕೇ ಕಾದ. ಈಗ ಅವನ ನೋವು ಎಷ್ಟೋ ಪಟ್ಟು ದೊಡ್ಡದಾಯಿತು. ಆದರೆ ಉಳಿದ ಹತ್ತೊಂಬತ್ತು ಜನ ಆಗಲೇ ಚೀಟಿ ಎತ್ತಿಕೊಂಡಿರುತ್ತಾರೆ. ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ. ಹಾಗಾದರೆ ಅವರೆಲ್ಲ ಗಾಬರಿಯಾಗಿ ಮೆಸ್ಸಿನ ಮುಂದೆ ಸೇರುವ ನಿಮ್ಮ ಕ್ಲೈಮ್ಯಾಕ್ಸ್ ಬಿದ್ದುಹೋಗುತ್ತದೆ. ಹದಿನೆಂಟನೇ ತಿಂಗಳಿಗೆ ತಂದರೆ? ಆಗ ಚೀಟಿ ಎತ್ತದವರು ಶಂಕರಪ್ಪ ಸೇರಿ ಮೂವರು. ಹರಾಜಿನಲ್ಲಿ ಪೈಪೋಟಿ ಕಡಿಮೆ, ಆದ್ದರಿಂದ ಅವನಿಗೆ ಬರುವುದು ನಾಲ್ಕು ಲಕ್ಷಕ್ಕೆ ಹತ್ತಿರದ ಮೊತ್ತ. ಇನ್ನಿಬ್ಬರಿಗೆ ನಿಜವಾದ ಭಯ. ಹದಿನೇಳು ಜನ ತಮ್ಮ ಪಾಲು ತಿಂದು ಮುಗಿಸಿದವರು, ಆದರೆ ಇನ್ನೂ ಕಂತು ಕಟ್ಟಬೇಕಾದವರು. ಸತ್ಯ ಗೊತ್ತಾದ ಮೇಲೆ ಅವರು ಕಂತು ಕಟ್ಟುತ್ತಾರಾ, ಇಲ್ಲವಾ? ನಿಮ್ಮ ಕ್ಲೈಮ್ಯಾಕ್ಸಿಗೆ ಈಗಿರುವುದಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಇದನ್ನು ಕೊಟ್ಟದ್ದು ಚಿಕ್ಕಮ್ಮನ ಲೆಕ್ಕ.

ಯಾರೂ ಕೇಳದ ಒಂದು ಪ್ರಶ್ನೆ ನಾನು ಸೇರಿಸುತ್ತೇನೆ. ಗೌರಿ ಪೊಲೀಸರ ಹತ್ತಿರ ಯಾಕೆ ಹೋಗಲ್ಲ? ಸ್ಕ್ರಿಪ್ಟಿನಲ್ಲಿ ಉತ್ತರವಿಲ್ಲ, ಆದರೆ ನಿಮ್ಮ ಕಥೆಯೊಳಗೇ ಉತ್ತರ ಇದೆ. 1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ಸರ್ಕಾರದ ಮುಂಗಡ ಅನುಮತಿ, ನೋಂದಣಿ ಇಲ್ಲದೆ ಇಂಥ ಚೀಟಿ ನಡೆಸುವುದೇ ತಪ್ಪು. ತಮ್ಮನ ಮೇಲೆ ದೂರು ಕೊಟ್ಟರೆ ಅವಳ ಚೀಟಿಯೇ ಬಯಲಿಗೆ ಬರುತ್ತದೆ. ಯಾರಾದರೂ ಒಬ್ಬರ ಬಾಯಲ್ಲಿ ಒಂದೇ ಸಾಲು ಸಾಕು.

ಈಗ ಲ್ಯಾಗ್ ವಿಚಾರ. ನಿರ್ಮಾಪಕರ ಮಾತಿನಲ್ಲಿ ಎರಡು ತುಂಡುಗಳಿವೆ. ಇಲ್ಲಿ ನನಗೆ ಬೋರ್ ಆಯಿತು ಎಂಬುದು ಒಂದು. ಕಾಮಿಡಿ ಟ್ರ್ಯಾಕ್ ಸೇರಿಸಿ ಎಂಬುದು ಇನ್ನೊಂದು. ಮೊದಲನೆಯದನ್ನು ನೀವು ಅಲ್ಲಗಳೆಯುವಂತಿಲ್ಲ. ಬೋರ್ ಆದವರಿಗೆ ನಿಮಗೆ ಬೋರ್ ಆಗಿಲ್ಲ ಎಂದು ಹೇಳಲು ಬರುತ್ತದಾ? ಎರಡನೆಯದು ಅವರ ಮದ್ದು. ಹೊಟ್ಟೆನೋವು ಎಂದು ಬಂದವರೇ ಮಾತ್ರೆ ಹೆಸರನ್ನೂ ಹೇಳಿದರೆ ಡಾಕ್ಟರು ನೋವನ್ನು ನಂಬುತ್ತಾರೆ, ಮಾತ್ರೆಯನ್ನು ತಾವೇ ನೋಡಿ ಬರೆಯುತ್ತಾರೆ. ನೀವು ಮಾಡಬೇಕಿರುವುದೂ ಅಷ್ಟೇ. ನೋಟ್ ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ದೂರನ್ನು ಒಪ್ಪಿ, ಮದ್ದನ್ನು ಮಾತ್ರ ಅನುಮಾನದಿಂದ ನೋಡಬಹುದು.

ಹಾಗಾದರೆ ಬೋರ್ ಎಲ್ಲಿಂದ ಬಂತು? ನಿಮ್ಮ ಇಂಟರ್ವಲ್ 48ನೇ ಸೀನ್. ತಮ್ಮನ ಫೋನ್ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ, ಇನ್ನು ಅವನು ಸಿಗಲ್ಲ ಎಂದು ಗೌರಿಗೆ ಖಾತ್ರಿಯಾಗುತ್ತದೆ. ಚೆನ್ನಾಗಿದೆ. ಆಮೇಲೆ 52ರಲ್ಲಿ ಬಡ್ಡಿಗೆ ಕೊಡುವವನ ಹತ್ತಿರ ಹೋಗುತ್ತಾಳೆ. 55ರಲ್ಲಿ ಬ್ಯಾಂಕಿಗೆ, 60ರಲ್ಲಿ ಭಾವನ ಮನೆಗೆ, 64ರಲ್ಲಿ ಶಾಲೆಯ ಗೆಳತಿಯ ಹತ್ತಿರ. ಈ ನಾಲ್ಕು ಸೀನ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿ. ಗೌರಿ ಕೇಳುತ್ತಾಳೆ, ಅವರು ಇಲ್ಲ ಅಂತಾರೆ, ಅವಳು ತಲೆ ತಗ್ಗಿಸಿ ಹೊರಗೆ ಬರುತ್ತಾಳೆ. ನಾಲ್ಕೂ ಸಲ ಅದೇ. 55 ಮತ್ತು 60ನ್ನು ಹಿಂದೆಮುಂದೆ ಮಾಡಿದರೂ ಯಾರಿಗೂ ಗೊತ್ತಾಗಲ್ಲ. ಎರಡು ಸೀನ್‌ಗಳ ಜಾಗ ಬದಲಿಸಿದರೂ ಕಥೆಗೆ ಏನೂ ಆಗದಿದ್ದರೆ ಅವುಗಳಲ್ಲಿ ಒಂದಾದರೂ ಬೇಡ ಎಂದರ್ಥ. ಇಲ್ಲಿ ಕಾಮಿಡಿ ತುರುಕಿದರೆ ಹತ್ತು ನಿಮಿಷ ಉದ್ದವಾಗುತ್ತದೆ, ಬೋರ್ ಹಾಗೇ ಉಳಿಯುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಹಿಂದೆ ಇದೆ. ಮದುವೆಯ ತಾರೀಖು ನಮಗೆ ಮೊದಲು ಗೊತ್ತಾಗುವುದು 58ನೇ ಸೀನಿನಲ್ಲಿ. ಅಲ್ಲಿಯವರೆಗೆ ಗೌರಿಗೆ ಎಷ್ಟು ದಿನ ಉಳಿದಿದೆ ಎಂದು ನೋಡುವವರಿಗೆ ತಿಳಿಯದು. ಗಡುವು ಗೊತ್ತಿಲ್ಲದೆ ಅವಳ ಓಡಾಟಕ್ಕೆ ಬಿಸಿ ಎಲ್ಲಿಂದ ಬರಬೇಕು? 14ನೇ ಸೀನಿನಲ್ಲಿ ಶಂಕರಪ್ಪ ಮೆಸ್ಸಿಗೆ ಬಂದು ಸುಮ್ನೆ ಕಾಫಿ ಕುಡಿದು ಹೋಗುತ್ತಾನೆ. ಅಲ್ಲೇ ಲಗ್ನಪತ್ರಿಕೆ ಕೊಡಿಸಿ. ಗೌರಿ ಅದನ್ನು ಗಲ್ಲಾಪೆಟ್ಟಿಗೆ ಮೇಲಿನ ಗೋಡೆಗೆ ಸಿಕ್ಕಿಸಲಿ. ಮುಂದೆ ಮೆಸ್ಸಿನ ಪ್ರತಿ ಸೀನಿನಲ್ಲೂ ಆ ಪತ್ರಿಕೆ ಅಲ್ಲೇ ಇರುತ್ತದೆ. ಮೂಲೆಯಲ್ಲಿ ಇದ್ದರೆ ಸಾಕು, ಡೈಲಾಗ್ ಬೇಕಿಲ್ಲ. ನೋವು ಕಾಣಿಸಿದ ಜಾಗ ಒಂದು, ಗಾಯ ಇರುವ ಜಾಗ ಇನ್ನೊಂದು. ನೋಟ್‌ಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಸೆಕೆಂಡ್ ಹಾಫ್ ಬಗ್ಗೆ ದೂರು ಬಂದಾಗ ನಾನು ಮೊದಲು ತೆಗೆಯುವುದು ಮೊದಲ ಇಪ್ಪತ್ತು ಪುಟ.

ನಾಲ್ಕರಲ್ಲಿ ಎರಡು ಸೀನ್ ತೆಗೆಯಿರಿ. ಬ್ಯಾಂಕು ಮತ್ತು ಬಡ್ಡಿಯವನು ಹೋಗಲಿ. ಭಾವ ದುಡ್ಡು ಕೊಡಲಿ, ಆದರೆ ಮೆಸ್ಸಿನ ಜಾಗದ ಪತ್ರಕ್ಕೆ ಸಹಿ ಕೇಳಲಿ. ಗೆಳತಿಯ ಹತ್ತಿರ ಗೌರಿ ಮಗನ ಫೀಸ್‌ಗೆ ಎಂದು ಸುಳ್ಳು ಹೇಳಲಿ. ಆ ಸುಳ್ಳು ಊರು ಸುತ್ತಿ ಶಂಕರಪ್ಪನ ಕಿವಿಗೆ ಬೀಳಲಿ. ಅವನು ಪಾಪ, ಗೌರಿ ಕಷ್ಟದಲ್ಲಿದ್ದಾಳೆ ಎಂದುಕೊಂಡು ಮದುವೆಯ ಬೆಳಗಿನ ತಿಂಡಿಯ ಆರ್ಡರನ್ನು ಅವಳಿಗೇ ಕೊಟ್ಟು ಅಡ್ವಾನ್ಸ್ ಕೈಗಿಡಲಿ. ಈಗ ಅವನಿಗೆ ಕೊಡಬೇಕಾದ ದುಡ್ಡಿಗೆ ಅವನ ದುಡ್ಡನ್ನೇ ಸೇರಿಸುವ ಸ್ಥಿತಿ ಅವಳದು. ನಿರ್ಮಾಪಕರಿಗೆ ಬೇಕಿದ್ದ ನಗು ಇಲ್ಲಿ ತಾನಾಗಿ ಬರುತ್ತದೆ, ಸ್ವಲ್ಪ ಕಹಿಯಾಗಿ. ಹಾಂ, ಇದು ನನ್ನ ಮದ್ದು. ನಿರ್ಮಾಪಕರ ಮದ್ದನ್ನು ಹೇಗೆ ಅನುಮಾನದಿಂದ ನೋಡಬೇಕೋ ನನ್ನದನ್ನೂ ಹಾಗೇ ನೋಡಿ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೇ ಬರೆಯಿರಿ.

ಸಹನಿರ್ದೇಶಕರ ನೋಟ್‌ಗೂ ಇದೇ ರೀತಿ. ಗೌರಿ ಮೇಲೆ ಪ್ರೀತಿ ಬರಲಿಲ್ಲ ಎಂಬುದು ನಿಜ, ನನಗೂ ಬರಲಿಲ್ಲ. ಆದರೆ ಅಮ್ಮ ತೀರಿಕೊಂಡ ಬಾಲ್ಯದ ಫ್ಲ್ಯಾಷ್‌ಬ್ಯಾಕ್ ಹಾಕಿದರೆ ಅಯ್ಯೋ ಅನಿಸಬಹುದು, ಅವಳ ಜೊತೆ ನಿಲ್ಲಬೇಕು ಅನಿಸಲ್ಲ. 21ನೇ ಸೀನ್ ನೋಡಿ. ತಮ್ಮ ದುಡ್ಡಿನ ಸಮೇತ ಹೋಗಿದ್ದಾನೆ ಎಂದು ಫೋನಿನಲ್ಲಿ ತಿಳಿಯುತ್ತದೆ. 22ನೇ ಸೀನ್ ಮಾರನೇ ದಿನ. ಗೌರಿ ಶಂಕರಪ್ಪನಿಗೆ ನಗುತ್ತಾ ಇಡ್ಲಿ ಬಡಿಸುತ್ತಿದ್ದಾಳೆ. ಇವೆರಡರ ಮಧ್ಯೆ ಅವಳು ನಿಮ್ಮ ಸಿನಿಮಾದ ಅತಿ ದೊಡ್ಡ ನಿರ್ಧಾರ ಮಾಡಿದ್ದಾಳೆ, ಯಾರಿಗೂ ಹೇಳಬಾರದು ಎಂದು. ಅದನ್ನು ನೀವು ತೋರಿಸಿಲ್ಲ! ನಮಗೆ ಕಾಣುವುದು ಸಲೀಸಾಗಿ ಸುಳ್ಳು ಹೇಳುವ ಒಬ್ಬ ಹೆಂಗಸು. ಅವಳು ಹೇಳಲೆಂದೇ ಶಂಕರಪ್ಪನ ಮನೆಗೆ ಹೋಗಿ, ಬಾಗಿಲಲ್ಲಿ ಬಾಯಿ ತೆರೆದು, ಅವನು ಮಗಳಿಗೆ ತಂದ ಸೀರೆ ತೋರಿಸಲು ಶುರು ಮಾಡಿದಾಗ ಬಾಯಿ ಮುಚ್ಚಿಕೊಳ್ಳುವ ಅರ್ಧ ಪುಟದ ಒಂದು ಸೀನ್ ಬರೆದು ನೋಡಿ. ಪಾತ್ರ ಇಷ್ಟವಾಗಲಿಲ್ಲ ಎಂಬ ದೂರು ಬಂದಾಗ ಪಾತ್ರಕ್ಕೆ ಒಳ್ಳೆಯ ಗುಣ ಅಂಟಿಸಲು ಹೋಗಬೇಡಿ. ಅವಳು ಯಾವ ನಿರ್ಧಾರವನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿದಳು ಎಂದು ಹುಡುಕಿ.

ಕ್ಲೈಮ್ಯಾಕ್ಸ್ ಬಗ್ಗೆ ನನ್ನ ಸಲಹೆ ಬೇರೆ. ತಮ್ಮ ವಾಪಸ್ ಬಂದು ಶಿಕ್ಷೆ ಆಗಬೇಕು ಎಂಬ ನೋಟ್ ಬಿಡಿ. ಅದನ್ನು ಒಪ್ಪಿದರೆ ಕೊನೆಯ ಇಪ್ಪತ್ತು ನಿಮಿಷ ಅವನದಾಗುತ್ತದೆ. ಗೌರಿ ಸತ್ಯ ಹೇಳುವುದಕ್ಕೆ ಬೆಲೆಯೇ ಇರಲ್ಲ, ಕಳ್ಳ ಸಿಕ್ಕ ಮೇಲೆ ಒಪ್ಪಿಕೊಳ್ಳುವುದರಲ್ಲಿ ಏನು ಕಷ್ಟ? ಒಂದು ನೋಟ್ ನಿಮ್ಮದೇ ಕಥೆಯನ್ನು ಇನ್ನೂ ಚೆನ್ನಾಗಿ ಹೇಳಲು ಕೇಳುತ್ತಿದೆಯಾ, ಬೇರೆ ಕಥೆ ಹೇಳಲು ಕೇಳುತ್ತಿದೆಯಾ ಎಂದು ನೋಡಿ. ಇದನ್ನು ತೀರ್ಮಾನಿಸಲು ನಿಮ್ಮ ಕಥೆ ಯಾವುದರ ಬಗ್ಗೆ ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡಿರಬೇಕು. ನಿಮ್ಮ ಸ್ಕ್ರಿಪ್ಟ್ ಓದಿ ನಾನು ಬರೆದುಕೊಂಡದ್ದು ಹೀಗೆ: ಊರಿನ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಬದುಕಿದವಳು ಆ ನಂಬಿಕೆ ಉಳಿಸಿಕೊಳ್ಳಲು ಸುಳ್ಳು ಹೇಳಬೇಕಾಗುತ್ತದೆ. ನಿಮ್ಮ ಸಾಲು ಬೇರೆ ಇದ್ದರೆ ನನ್ನ ತೀರ್ಮಾನವೂ ತಪ್ಪಾಗಬಹುದು.

ಆದರೆ ಸ್ನೇಹಿತರಿಗೆ ಅತೃಪ್ತಿ ಯಾಕೆ ಆಯಿತು ಎಂದು ಕೇಳದೆ ಬಿಡಬೇಡಿ, ಇಬ್ಬರೂ ಒಂದೇ ಮಾತು ಹೇಳಿದ್ದಾರೆ. ನಿಮ್ಮ ಮೊದಲ ಸೀನ್ ನೋಡಿ. ರಾತ್ರಿ, ಹಾಸನದ ಬಸ್ ಸ್ಟ್ಯಾಂಡು, ಜನಜಂಗುಳಿ. ತಮ್ಮ ಬ್ಯಾಗ್ ತಬ್ಬಿಕೊಂಡು ಬಸ್ ಹತ್ತುತ್ತಾನೆ, ಕ್ಯಾಮೆರಾ ಅವನ ಮುಖದ ಮೇಲೆ, ಟೈಟಲ್. ಇದನ್ನು ನೋಡಿದವರಿಗೆ ನೀವು ಏನು ಮಾತು ಕೊಟ್ಟಿರಿ? ಇವನು ಸಿಗುತ್ತಾನಾ ಎಂಬುದೇ ಕಥೆ ಎಂದು. ಎರಡು ಗಂಟೆ ಕಾದ ಮೇಲೆ ಅವನು ಬರಲಿಲ್ಲ ಎಂದರೆ ಸಿಟ್ಟು ಬರದೆ ಇರುತ್ತದಾ? ತಪ್ಪು ಕೊನೆಯಲ್ಲಿಲ್ಲ, ಶುರುವಿನಲ್ಲಿದೆ. ಗಮನಿಸಿದಿರಾ, ಬಜೆಟ್‌ಗೆ ಆಗಲ್ಲ ಎಂದು ನಿರ್ಮಾಪಕರು ಹೇಳಿದ್ದೂ ಇದೇ ಸೀನ್. ಎರಡು ಬೇರೆ ಬೇರೆ ದೂರುಗಳು ಒಂದೇ ಜಾಗಕ್ಕೆ ಬಂದು ನಿಂತಿವೆ. ಅದನ್ನು ತೆಗೆದು, ಗೌರಿ ಗಲ್ಲಾಪೆಟ್ಟಿಗೆ ಮುಂದೆ ಚೀಟಿ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆಯುವಲ್ಲಿಂದ ಶುರು ಮಾಡಿ. ತಮ್ಮ ಹಿಂದೆ ಪಾತ್ರೆ ತೊಳೆಯುತ್ತಿರಲಿ, ಸಾಕು.

ಬಜೆಟ್ ನೋಟ್ ಬಂದರೆ ಹೊಸಬರು ಕಲೆಗೆ ಅನ್ಯಾಯ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದ ಹಿಂದಿನ ಡ್ರಾಫ್ಟ್‌ನಲ್ಲಿ ಕ್ಲೈಮ್ಯಾಕ್ಸ್ ಇದ್ದದ್ದು ನೆವಾಡದ ಅಣುಬಾಂಬ್ ಪರೀಕ್ಷೆಯ ಜಾಗದಲ್ಲಿ. ದುಡ್ಡು ಸಾಲದು ಎಂದಾಗ ಬರಹಗಾರರು ಅದನ್ನು ಊರಿನ ಗಡಿಯಾರದ ಗೋಪುರಕ್ಕೆ, ಸಿಡಿಲಿಗೆ ಬದಲಿಸಿದರು. ಕಾಲದ ಬಗ್ಗೆಯೇ ಇರುವ ಕಥೆಗೆ ಗಡಿಯಾರಕ್ಕಿಂತ ಒಳ್ಳೆಯ ಜಾಗ ಬೇಕಾ?

ಎಲ್ಲ ನೋಟ್ ಒಪ್ಪುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ‘ಟಾಯ್ ಸ್ಟೋರಿ’ ನೋಡಿ. ದುಡ್ಡು ಹಾಕುತ್ತಿದ್ದ ಡಿಸ್ನಿ ಕಡೆಯಿಂದ ಪಾತ್ರಗಳು ಇನ್ನೂ ಒರಟಾಗಿರಲಿ, ದೊಡ್ಡವರಿಗೂ ಹಿಡಿಸಲಿ ಎಂಬ ನೋಟ್‌ಗಳು ಬರುತ್ತಲೇ ಇದ್ದವು. ಚಿತ್ರ ಮಾಡುತ್ತಿದ್ದ ಪಿಕ್ಸಾರ್‌ನವರು ಒಪ್ಪುತ್ತಾ ಹೋದರು. 1993ರ ನವೆಂಬರಿನಲ್ಲಿ ಅಲ್ಲಿಯವರೆಗಿನ ಕೆಲಸ ತೋರಿಸಿದಾಗ ನಾಯಕ ವುಡಿ ಯಾರಿಗೂ ಇಷ್ಟವಾಗದ ಕ್ರೂರಿಯಾಗಿದ್ದ. ಕೆಲಸ ನಿಂತಿತು. ಅವರು ಕೂತು ತಮಗೆ ಬೇಕಾದ ಕಥೆಗೆ ವಾಪಸ್ ಹೋಗಿ ಮತ್ತೆ ಬರೆದ ಮೇಲೆ ಚಿತ್ರ ಉಳಿಯಿತು.

ಇದನ್ನು ಓದಿ ಎಲ್ಲದಕ್ಕೂ ಎದುರು ನಿಲ್ಲುವ ಧೈರ್ಯ ಬಂದರೆ ‘ಚೈನಾಟೌನ್’ ಕೂಡ ನೆನಪಿರಲಿ. ಬರಹಗಾರ ರಾಬರ್ಟ್ ಟೌನ್ ಅಷ್ಟು ಕತ್ತಲೆಯ ಅಂತ್ಯ ಬೇಡ ಅಂದಿದ್ದರು, ನಿರ್ದೇಶಕ ಪೊಲಾನ್ಸ್ಕಿ ದುರಂತವೇ ಬೇಕೆಂದು ಹಟ ಹಿಡಿದರು. 1974ರಲ್ಲಿ ತೆರೆಗೆ ಬಂದದ್ದು ನಿರ್ದೇಶಕರ ಅಂತ್ಯ. ಆ ಚಿತ್ರಕಥೆಗೆ ಟೌನ್‌ಗೆ ಆಸ್ಕರ್ ಬಂತು, ಪೊಲಾನ್ಸ್ಕಿ ಹೇಳಿದ್ದೇ ಸರಿ ಎಂದು ಟೌನ್ ಆಮೇಲೆ ಒಪ್ಪಿಕೊಂಡರು. ಹಾಗಾಗಿ ಕ್ಲೈಮ್ಯಾಕ್ಸ್ ನೋಟ್ ಬಿಡಿ ಎಂದು ನಾನು ಹೇಳಿದರೂ, ಬಿಡುವ ಮೊದಲು ತಮ್ಮ ವಾಪಸ್ ಬರುವ ಅಂತ್ಯವನ್ನು ಒಂದು ಪುಟದಲ್ಲಿ ಪ್ರಾಮಾಣಿಕವಾಗಿ ಬರೆದು ನೋಡಿ. ಬರೆಯುವಾಗ ಗೌರಿ ಚಿಕ್ಕದಾಗುತ್ತಾ ಹೋಗುತ್ತಾಳಾ, ದೊಡ್ಡದಾಗುತ್ತಾಳಾ ಎಂಬುದು ಪುಟದ ಮೇಲೆ ಕಾಣುತ್ತದೆ. ವಾದದಲ್ಲಿ ಕಾಣಲ್ಲ.

ಬರೆಯುವ ಕ್ರಮ ಮುಖ್ಯ. ಈಗಿನ ಡ್ರಾಫ್ಟನ್ನು ತಾರೀಖು ಹಾಕಿ ಎತ್ತಿಡಿ, ಹೊಸ ಫೈಲಿನಲ್ಲಿ ಕೆಲಸ ಮಾಡಿ. ಮೊದಲು ಚೀಟಿಯ ತಿಂಗಳು ಬದಲಿಸಿ, ಅದು ಎಲ್ಲೆಲ್ಲಿ ಮುಟ್ಟುತ್ತದೋ ಆ ಸೀನ್‌ಗಳ ಪಟ್ಟಿ ಮಾಡಿ. ಆಮೇಲೆ ಹೊಸ ಶುರು, ಲಗ್ನಪತ್ರಿಕೆ, 21ರ ನಂತರದ ಸೀನ್. ಸೆಕೆಂಡ್ ಹಾಫ್ ಕೊನೆಗೆ. ಮೊದಲ ಭಾಗ ಬದಲಾದಾಗ ಅಲ್ಲಿನ ಅರ್ಧ ಸಮಸ್ಯೆ ತಾನೇ ಹೋಗಿರುತ್ತದೆ. ಡೈಲಾಗ್ ತಿದ್ದಲು ಈಗಲೇ ಹೋಗಬೇಡಿ. ನಾಳೆ ತೆಗೆಯುವ ಸೀನಿನ ಮಾತನ್ನು ಇವತ್ತು ಹೊಳಪು ಮಾಡಿದರೆ ನಾಳೆ ಅದನ್ನು ತೆಗೆಯಲು ಮನಸ್ಸು ಬರಲ್ಲ.

ಹೊಸ ಡ್ರಾಫ್ಟನ್ನು ಅದೇ ಐದು ಜನಕ್ಕೆ ಕೊಡಬೇಡಿ, ಅವರು ತಮ್ಮ ನೋಟ್ ಒಪ್ಪಿದ್ದೀರಾ ಎಂದಷ್ಟೇ ನೋಡುತ್ತಾರೆ. ಹೊಸಬರಿಬ್ಬರಿಗೆ ಕೊಡಿ. ಹೇಗಿದೆ ಎಂದು ಕೇಳಬೇಡಿ. ಎಲ್ಲಿ ಫೋನ್ ನೋಡಿಕೊಂಡಿರಿ, ಇಂಟರ್ವಲ್‌ನಲ್ಲಿ ಮುಂದೆ ಏನಾಗಬಹುದು ಅಂದುಕೊಂಡಿರಿ ಎಂದು ಕೇಳಿ.

ಇನ್ನು ನಿರ್ಮಾಪಕರು. ಅವರಿಗೆ ಕಾಮಿಡಿ ಟ್ರ್ಯಾಕ್ ಹಾಕಲ್ಲ ಎಂದು ಫೋನಿನಲ್ಲಿ ಹೇಳಬೇಡಿ. ಬೋರ್ ಆಗಿದ್ದು ನಿಜ ಸರ್, ಕಾರಣ ಸಿಕ್ಕಿದೆ, ಎರಡು ಸೀನ್ ತೆಗೆದು ಮದುವೆ ತಾರೀಖನ್ನು ಶುರುವಿನಲ್ಲೇ ತಿಳಿಸಿದ್ದೇನೆ, ಬಸ್ ಸ್ಟ್ಯಾಂಡ್ ಸೀನ್ ಪೂರ್ತಿ ಹೋಯಿತು ಎಂದು ಹೇಳಿ, ಹೊಸ ಸೆಕೆಂಡ್ ಹಾಫನ್ನು ಎದುರು ಕೂತು ನರೇಶನ್ ಕೊಡಿ. ಬಹಳಷ್ಟು ಸಲ ಟ್ರ್ಯಾಕಿನ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಿಮ್ಮ ಮುಂದೆ ಎರಡು ದಾರಿ. ಅವರು ಹೇಳಿದಂತೆ ಬರೆದುಕೊಡುವುದು ಒಂದು. ಮೊದಲ ಸಿನಿಮಾ ಆಗುತ್ತದೆ, ಆದರೆ ಟ್ರ್ಯಾಕ್ ಚೆನ್ನಾಗಿಲ್ಲ ಎಂದು ಬೈಗುಳ ಬಿದ್ದಾಗ ಬರಹಗಾರನ ಹೆಸರು ನಿಮ್ಮದೇ. ಸ್ಕ್ರಿಪ್ಟ್ ವಾಪಸ್ ತೆಗೆದುಕೊಂಡು ಬೇರೆಯವರನ್ನು ಹುಡುಕುವುದು ಇನ್ನೊಂದು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಡ್ವಾನ್ಸ್ ತೆಗೆದುಕೊಂಡಿದ್ದರೆ ಆ ದಾರಿ ಅಷ್ಟು ಸುಲಭವೂ ಅಲ್ಲ. ನೀವು ಸಹಿ ಮಾಡಿದ್ದೀರಾ ಇಲ್ಲವಾ ಎಂದು ಬರೆದಿಲ್ಲ. ಮಾಡಿಲ್ಲವಾದರೆ ಎಷ್ಟು ಡ್ರಾಫ್ಟ್ ಬರೆಯಬೇಕು, ಯಾವ ಡ್ರಾಫ್ಟಿಗೆ ಎಷ್ಟು ಹಣ, ಬೇರೆಯವರಿಂದ ತಿದ್ದಿಸಿದರೆ ಟೈಟಲ್‌ನಲ್ಲಿ ನಿಮ್ಮ ಹೆಸರು ಹೇಗೆ ಬರುತ್ತದೆ ಎಂಬ ಮೂರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾದರೆ ಸ್ಕ್ರಿಪ್ಟನ್ನು ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಈಗಿನ ಡ್ರಾಫ್ಟ್ ಒಮ್ಮೆ, ತಿದ್ದಿದ್ದು ಇನ್ನೊಮ್ಮೆ ಮಾಡಿಸಿ. ನರೇಶನ್‌ಗೆ ಹೋಗುವ ಮೊದಲೇ ಮಾಡಿಸಿ.